ಗುಮಾಸ್ತರಿಗೊಂದು ಕಾಗದ

ತಂಗೀ, ಸೊರಬದ ಅಡಿಕೆ ಮಂಡಿಯಲ್ಲಿ ನಿನಗೆ ಲೆಕ್ಕ ಬರೆಯೋದು ಕಲಿಸಿದ ಗುಮಾಸ್ತರಿಗೆ ಒಂದು ಮಾತು ಹೇಳಬೇಕು ಎಂದು ನಿನಗೆ ಅನ್ನಿಸುತ್ತಿದೆ, ಆದರೆ ಇಷ್ಟು ವರ್ಷ ಸತ್ತೆಯಾ ಬದುಕಿದೆಯಾ ಎಂದು ವಿಚಾರಿಸದವಳು ಈಗ ಯಾವ ಮುಖ ಇಟ್ಟುಕೊಂಡು ಮಾತಾಡಲಿ ಎಂದು ಕೇಳಿದ್ದೆಯಲ್ಲ. ಪುಣೆಯಿಂದ ನೀನು ಫೋನಿನಲ್ಲಿ ಕೇಳಿದ್ದಕ್ಕೆ ಆಗ "ಮಾಡು ಮಾರಾಯ್ತಿ, ಅದಕ್ಕೇನು" ಎಂದುಬಿಟ್ಟೆ. ಅಷ್ಟಕ್ಕೇ ಬಿಡುವ ಮಾತಲ್ಲ ಅದು. ಹೇಗೆ ಮಾಡಬೇಕು ಅನ್ನುವುದರಲ್ಲೇ ಎಲ್ಲ ಇದೆ.

ಅವರು ಶಾಲೆಯ ಮೇಷ್ಟ್ರಾಗಿದ್ದರೆ ಇಷ್ಟು ಯೋಚಿಸಬೇಕಿರಲಿಲ್ಲ. ಮೇಷ್ಟ್ರಿಗೆ ಸೆಪ್ಟೆಂಬರ್ 5 ಇದೆ. ಈಗೀಗ ಊರೂರಿನಲ್ಲೂ ಹಳೆ ವಿದ್ಯಾರ್ಥಿಗಳು ಸೇರಿ ಗುರುವಂದನೆ ಮಾಡುತ್ತಾರೆ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಒಂದು ಗ್ರೂಪ್ ಫೋಟೋ. ಅದನ್ನು ಹಗುರ ಮಾಡಿ ಹೇಳುತ್ತಿಲ್ಲ, ಆದರೆ ಅಲ್ಲಿ ಎಲ್ಲರಿಗೂ ಒಂದೇ ಶಾಲು, ಒಂದೇ ಭಾಷಣ. ಮಂಡಿಯ ಗುಮಾಸ್ತರನ್ನು ಅಂಥ ಯಾವ ವೇದಿಕೆಗೂ ಯಾರೂ ಕರೆಯುವುದಿಲ್ಲ. ಪಿಯುಸಿ ರಜೆಯಲ್ಲಿ ಬಂದ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಿರ್ದಿ ಯಾವುದು, ಖಾತೆ ಯಾವುದು, ರಾಶಿ ಅಡಿಕೆಯ ಚೀಟಿಯನ್ನು ಬೆಟ್ಟೆಯ ಚೀಟಿಯೊಂದಿಗೆ ಯಾಕೆ ಬೆರೆಸಬಾರದು ಎಂದು ತೋರಿಸಿದ್ದನ್ನು ಅವರೂ ಕಲಿಸಿದ್ದು ಎಂದುಕೊಂಡಿರಲಿಕ್ಕಿಲ್ಲ. ಕೆಲಸ ಸಾಗಲಿ ಅಂತ ಹೇಳಿಕೊಟ್ಟಿದ್ದು, ಅಷ್ಟೇ. ಹಾಗಾಗಿ ನಿನ್ನ ಮಾತಿಗಾಗಿ ಅವರು ಕಾಯುತ್ತಲೂ ಇಲ್ಲ, ನೀನು ಮರೆತೆ ಎಂದು ಕೊರಗುತ್ತಲೂ ಇಲ್ಲ. ಆ ಬಾಕಿ ನಿನ್ನ ಪುಸ್ತಕದಲ್ಲಿ ಮಾತ್ರ ಇದೆ.

ಅಮೆರಿಕದ ಇಬ್ಬರು ಮನಃಶಾಸ್ತ್ರಜ್ಞರು, ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ, 2018ರಲ್ಲಿ ನಿನ್ನ ಈ ಅಳುಕನ್ನೇ ಪರೀಕ್ಷೆ ಮಾಡಿ ಬರೆದಿದ್ದಾರೆ. ಉಪಕಾರ ಮಾಡಿದವರಿಗೆ ಕೃತಜ್ಞತೆಯ ಕಾಗದ ಬರೆಯಿರಿ ಎಂದು ಜನರಿಗೆ ಹೇಳಿದರು. ಓದುವವರಿಗೆ ಎಷ್ಟು ಸಂತೋಷವಾದೀತು, ಎಷ್ಟು ಮುಜುಗರವಾದೀತು ಎಂದು ಬರೆದವರಿಂದ ಅಂದಾಜು ತೆಗೆದುಕೊಂಡರು. ಆಮೇಲೆ ಕಾಗದ ತಲುಪಿದವರನ್ನೇ ಕೇಳಿದರು. ಬರೆದವರ ಅಂದಾಜು ಎರಡೂ ಕಡೆ ತಪ್ಪಿತ್ತು: ಓದಿದವರಿಗೆ ಎಣಿಸಿದ್ದಕ್ಕಿಂತ ಹೆಚ್ಚು ಸಂತೋಷವಾಗಿತ್ತು, ಮುಜುಗರ ಎಣಿಸಿದ್ದಕ್ಕಿಂತ ಕಡಿಮೆ ಇತ್ತು. ಬರೆಯುವವರ ಚಿಂತೆಯೆಲ್ಲ "ನನಗೆ ಚೆನ್ನಾಗಿ ಬರೆಯಲು ಬರುತ್ತದೆಯೇ" ಎಂಬುದರ ಮೇಲಿತ್ತು. ಓದಿದವರು ಭಾಷೆಯನ್ನಲ್ಲ, ಅದರೊಳಗಿನ ಅಕ್ಕರೆಯನ್ನು ನೋಡಿದ್ದರು.

ಆದರೆ ಅದು ಅಲ್ಲಿಯ ಜನರ ಮೇಲೆ ಮಾಡಿದ ಪರೀಕ್ಷೆ. ನಮ್ಮ ಕಡೆ ಇನ್ನೊಂದು ತೊಡಕಿದೆ, ಅದನ್ನು ನೀನು ಗಮನಿಸಿದಂತೆ ಕಾಣಲಿಲ್ಲ. ಹತ್ತಾರು ವರ್ಷ ಸುದ್ದಿಯಿಲ್ಲದವರು ದಿಢೀರನೆ ಫೋನ್ ಮಾಡಿದರೆ ಇಲ್ಲಿಯವರ ಮನಸ್ಸಿಗೆ ಮೊದಲು ಬರುವುದು "ಏನೋ ಕೆಲಸ ಇರಬೇಕು" ಎಂಬುದು. ಅದು ತಪ್ಪೂ ಅಲ್ಲ. ಮದುವೆ ಕರೆಯೋಲೆ, ಎಲ್ಐಸಿ ಪಾಲಿಸಿ, ಸೊಸೈಟಿ ಚುನಾವಣೆಯ ಓಟು, ಸಾಲಕ್ಕೆ ಜಾಮೀನು, ಇವಿಲ್ಲದೆ ಹಳೇ ಪರಿಚಯದವರು ನೆನಪು ಮಾಡಿಕೊಳ್ಳುವುದು ಅಪರೂಪ. ನೀನು ಹೆದರುತ್ತಿರುವುದು ಇಷ್ಟು ವರ್ಷ ಸುಮ್ಮನಿದ್ದಳಲ್ಲ ಎಂದು ಅವರು ಬೇಜಾರಾದಾರು ಅಂತ. ಅವರು ಯೋಚಿಸುವುದು ಇವಳಿಗೆ ಈಗ ಏನು ಬೇಕಾಗಿದೆ ಅಂತ. ನಿನ್ನ ಮೊದಲ ಎರಡು ಸಾಲು ಈ ಎರಡನೆಯದಕ್ಕೆ ಉತ್ತರ ಕೊಡಬೇಕು.

ಬರೆಯುವ ಮೊದಲು ಒಂದು ಕೆಲಸ. ಅವರು ಹೇಗಿದ್ದಾರೆ ಎಂದು ತಿಳಿದುಕೋ. ಮಂಡಿಗೆ ಫೋನ್ ಮಾಡಿದರೆ ಈಗ ಕೂತಿರುವವರು ಮನೆಯ ನಂಬರು ಕೊಟ್ಟಾರು. ಮೊದಲು ಮಗನನ್ನೋ ಸೊಸೆಯನ್ನೋ ಮಾತಾಡಿಸು. ಆರೋಗ್ಯ ಹೇಗಿದೆ, ಕಣ್ಣು ಕಾಣುತ್ತದೆಯೇ, ಮರೆವು ಜಾಸ್ತಿಯಾಗಿದೆಯೇ, ಮನೆಯಲ್ಲಿ ಇತ್ತೀಚೆಗೆ ಏನಾದರೂ ಕೆಟ್ಟದ್ದು ಆಗಿದೆಯೇ ಎಂದು ಕೇಳು. ಸೂತಕದ ಮನೆಗೆ ನಗುಮುಖದ ಕಾಗದ ಹೋಗಬಾರದು. ಕಣ್ಣು ಮಂಜಾಗಿದ್ದರೆ ದೊಡ್ಡ ಅಕ್ಷರದಲ್ಲಿ, ಸಾಲು ಬಿಟ್ಟು ಬರೆ; ಮೊಮ್ಮಗ ಓದಿ ಹೇಳುವಂತಿದ್ದರೆ ಅವನಿಗೂ ಅರ್ಥವಾಗುವಂತೆ ಬರೆ.

ನೀನು ಫೋನಿನಲ್ಲಿ ಟೈಪ್ ಮಾಡಿ ಅಳಿಸಿದ ಒಕ್ಕಣೆ ನನಗೆ ಓದಿ ಹೇಳಿದ್ದೆ. "ಸರ್, ಗುರುತು ಸಿಕ್ತಾ? ತುಂಬಾ ವರ್ಷದಿಂದ ಸಂಪರ್ಕ ಇಲ್ಲ, ದಯವಿಟ್ಟು ಕ್ಷಮಿಸಿ, ಕೆಲಸದ ಒತ್ತಡ, ಮದುವೆ, ಮಗು..." ಹೀಗೇ ಸಾಗಿತ್ತು. ಇದರಲ್ಲಿ ಎರಡು ತಪ್ಪಿವೆ. "ಗುರುತು ಸಿಕ್ತಾ" ಎನ್ನುವುದು ವಯಸ್ಸಾದವರಿಗೆ ಪರೀಕ್ಷೆ ಇಟ್ಟಂತೆ. ಸಿಗದಿದ್ದರೆ ಅವರಿಗೆ ನಾಚಿಕೆ, ಸಿಕ್ಕಿತು ಎಂದು ಸುಳ್ಳು ಹೇಳಿದರೆ ಮುಂದಿನ ಮಾತೆಲ್ಲ ಕತ್ತಲಲ್ಲಿ ತಡಕಾಡಿದಂತೆ. ಗುರುತನ್ನು ನೀನೇ ಹೇಳಬೇಕು: ಯಾರ ಮಗಳು, ಯಾವ ಊರು, ಯಾವ ವರ್ಷ, ಎಲ್ಲಿ ಕೂತಿದ್ದೆ. ಎರಡನೆಯದು, ಕ್ಷಮೆ ಅರ್ಧ ಪುಟ ಹಿಡಿದರೆ "ಇರಲಿ ಬಿಡಮ್ಮ, ಪರವಾಗಿಲ್ಲ" ಎಂದು ಅವರೇ ನಿನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ಕೊಡಲು ಹೋದವಳು ಕೇಳಿಕೊಂಡು ಬಂದಹಾಗೆ. ಇಷ್ಟು ವರ್ಷದ ಮೌನಕ್ಕೆ ಒಂದು ವಾಕ್ಯ ಸಾಕು, ಕಾರಣ ಬೇಡ.

ಮಿಕ್ಕ ಜಾಗವೆಲ್ಲ ಒಂದೇ ಒಂದು ಸಂಗತಿಗೆ. "ನಿಮ್ಮಿಂದಲೇ ನಾನು ಈ ಸ್ಥಿತಿಗೆ ಬಂದೆ" ಎಂದು ಬರೆಯಬೇಡ. ಅದನ್ನು ಯಾರು ಯಾರಿಗೆ ಬೇಕಾದರೂ ಬರೆಯಬಹುದು, ಅವರೂ ನಂಬುವುದಿಲ್ಲ. ಅವರು ಹೇಳಿಕೊಟ್ಟದ್ದು ಎಲ್ಲಿಗೆ ಹೋಗಿ ಮುಟ್ಟಿತು ಎಂಬ ಸುದ್ದಿ ಕೊಡು. ಮಂಡಿಯಲ್ಲಿ ಕೂತವರಿಗೆ ಗೊತ್ತಾಗದೆ ಉಳಿದಿರುವುದು ಅದೊಂದೇ. ನೀನು ಹೇಳಿದ ಒಂಬತ್ತರ ಲೆಕ್ಕದ ಕಥೆ ನನಗಂತೂ ಬಹಳ ಹಿಡಿಸಿತು. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ಪೂಜ್ಯರಿಗೆ ನಮಸ್ಕಾರಗಳು. ನಾನು ಉಳವಿ ಕಡೆಯವಳು, ಪಿಯುಸಿ ಪರೀಕ್ಷೆ ಮುಗಿಸಿ ಆ ಬೇಸಿಗೆಯಲ್ಲಿ ಮಂಡಿಯ ಒಳಕೋಣೆಯಲ್ಲಿ ನಿಮ್ಮ ಎಡಕ್ಕೆ ಕೂತು ತೂಕದ ಚೀಟಿ ಜೋಡಿಸುತ್ತಿದ್ದವಳು. ನಿಮ್ಮಿಂದ ಯಾವ ಕೆಲಸವೂ ಆಗಬೇಕಾಗಿಲ್ಲ, ಒಂದು ಸುದ್ದಿ ತಿಳಿಸೋಣವೆಂದು ಬರೆದೆ. ಮೊದಲೇ ಬರೆಯಬೇಕಿತ್ತು, ಬರೆಯಲಿಲ್ಲ. ಒಂದು ಸಂಜೆ ರೋಕಡ ಹೊಂದದೆ ನಾನು ಅಳುವಂತಾದಾಗ, ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆಯೇ ನೋಡು, ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು ಎಂದು ನೀವು ಹೇಳಿಕೊಟ್ಟಿರಿ. ಈಗ ನಾನು ಪುಣೆಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ಈಚೆಗೆ ನಮ್ಮಲ್ಲಿ 36,000 ರೂಪಾಯಿ ತಾಳೆಯಾಗದೆ ಎಲ್ಲರೂ ರಾತ್ರಿಯವರೆಗೆ ಕೂತಿದ್ದರು. ಒಂಬತ್ತರಿಂದ ಭಾಗಿಸಿದೆ, ಆಯಿತು. ಹುಡುಕಿದರೆ 84,100 ಎಂದು ಇರಬೇಕಾದಲ್ಲಿ 48,100 ಎಂದಿತ್ತು. ಎಲ್ಲಿ ಕಲಿತೆ ಎಂದು ಕೇಳಿದರು, ಸೊರಬದಲ್ಲಿ ಎಂದೆ. ಈಗ ಹೊಸದಾಗಿ ಸೇರಿದವರಿಗೂ ಅದನ್ನು ಹೇಳಿಕೊಡುತ್ತೇನೆ. ನೀವು ಉತ್ತರ ಬರೆಯುವ ಶ್ರಮ ತೆಗೆದುಕೊಳ್ಳಬೇಕಿಲ್ಲ. ನಿಮಗೂ ಅಮ್ಮನವರಿಗೂ ನನ್ನ ನಮಸ್ಕಾರಗಳು."

ಕೆಳಗೆ ಹೆಸರು, ತಂದೆಯ ಹೆಸರು, ಫೋನ್ ನಂಬರು. ಇಷ್ಟೇ. ಧನ್ಯವಾದ ಎಂಬ ಶಬ್ದ ಇದರಲ್ಲಿ ಇಲ್ಲ, ನೋಡಿದೆಯಾ? ಬೇಕಿದ್ದರೆ ಸೇರಿಸು. ಉತ್ತರ ಬೇಕಿಲ್ಲ ಎಂಬ ಸಾಲು ಮಾತ್ರ ಬಿಡಬೇಡ. ಬರೆಯಲು ಕೈ ನಡುಗುವ ವಯಸ್ಸಿನವರಿಗೆ ಅದು ಹೊರೆಯಾಗಬಾರದು. ಅವರು ಹೇಳದ ಮಾತನ್ನು ಹೇಳಿದರೆಂದು ಬಣ್ಣ ಹಚ್ಚಬೇಡ. ಅವರು ಸಿಡುಕರಾಗಿದ್ದರೆ ಸಿಡುಕು ಬಿಟ್ಟುಬಿಡು, ಆದರೆ ಶಾಂತಮೂರ್ತಿ ಎಂದೂ ಬರೆಯಬೇಡ, ಮನೆಯವರು ಓದಿ ನಕ್ಕಾರು.

ವಾಟ್ಸ್ಆಪಿನಲ್ಲಿ ಕಳಿಸಬಾರದೇ ಎಂದು ಕೇಳಿದ್ದೆಯಲ್ಲ. ಕಳಿಸಬಹುದು, ಆದರೆ ಗೊತ್ತಿಲ್ಲದ ನಂಬರಿನಿಂದ ಬಂದದ್ದನ್ನು ತೆರೆಯಬೇಡಿ ಎಂದು ಮಕ್ಕಳೇ ಅವರಿಗೆ ಹೇಳಿಕೊಟ್ಟಿರುತ್ತಾರೆ. ನೀನೂ ಎರಡು ನೀಲಿ ಗೆರೆ ಬಿದ್ದವೋ ಇಲ್ಲವೋ ಎಂದು ದಿನಕ್ಕೆ ಹತ್ತು ಸಲ ನೋಡುತ್ತೀಯ. ಕಾಗದಕ್ಕೆ ಆ ಕಾಟವಿಲ್ಲ. ಲಕೋಟೆಗೆ ಐದು ರೂಪಾಯಿಯ ಅಂಚೆಚೀಟಿ ಹಚ್ಚಿ, ಸೊರಬ 577429 ಎಂದು ಬರೆದು ಡಬ್ಬಕ್ಕೆ ಹಾಕು. ಸ್ಪೀಡ್ ಪೋಸ್ಟ್ ಬೇಡ ಎಂದೇ ಹೇಳುತ್ತೇನೆ. ಸಹಿ ಮಾಡಿಸಿಕೊಂಡು ಕೊಡುವ ಅಂಚೆ ಎಂದರೆ ಬ್ಯಾಂಕಿನದೋ ಕೋರ್ಟಿನದೋ ಎಂದು ನಮ್ಮ ಕಡೆಯ ವಯಸ್ಸಾದವರಿಗೆ ಎದೆ ಹೊಡೆದುಕೊಳ್ಳುತ್ತದೆ.

ಉತ್ತರ ಬಾರದೆ ಇರಬಹುದು. "ತಲುಪಿತಾ" ಎಂದು ಕೇಳಲೇಬೇಕೆನಿಸಿದರೆ ಸೊಸೆಯನ್ನು ಒಂದು ಸಲ ಕೇಳು, ಅವರನ್ನಲ್ಲ. ಫೋನ್ ಬಂದು "ನನಗೆ ನೆನಪೇ ಇಲ್ಲವಲ್ಲಮ್ಮ" ಎಂದರೆ ನೆನಪಿಸಲು ಹೋಗಬೇಡ. ನಿನಗೆ ಆ ಸಂಜೆ ಒಂದೇ. ಅವರಿಗೆ ಅಂಥ ಸಂಜೆಗಳು ಎಷ್ಟೋ. ನೆನಪಿಲ್ಲದವರಿಗೂ ಸುದ್ದಿ ಸುದ್ದಿಯೇ.

"ನಾನು ವಿಚಾರಿಸುವಷ್ಟರಲ್ಲಿ ಅವರೇ ಇಲ್ಲವಾಗಿದ್ದರೆ" ಎಂದೂ ನೀನು ಕೇಳಿದ್ದೆ. ನಮ್ಮ ಜಿಲ್ಲೆಯವರೇ ಆದ ಕುವೆಂಪು ಅವರಿಗೆ ಹಾಗಾಗಿತ್ತು. ಮೈಸೂರಿನಲ್ಲಿ ಅವರಿಗೆ ಕಲಿಸಿದ, ಬೆನ್ನು ತಟ್ಟಿದ ಟಿ.ಎಸ್. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಆಗ 'ಶ್ರೀರಾಮಾಯಣ ದರ್ಶನಂ' ಇನ್ನೂ ಮುಗಿದಿರಲಿಲ್ಲ. ಹತ್ತು ವರ್ಷದ ಮೇಲೆ, 1949ರಲ್ಲಿ, ಅದು ಅಚ್ಚಾಗಿ ಬಂದಾಗ ಶಿಷ್ಯ ಅದನ್ನು ಅರ್ಪಿಸಿದ್ದು ಆ ಗುರುವಿಗೇ, ಎದುರಿಗೆ ನಿಂತಿರುವವರೊಂದಿಗೆ ಮಾತಾಡಿದಂತೆ. ಅವರಿಬ್ಬರ ನಡುವೆ ನಿನ್ನ ಹಾಗೆ ಸಂಪರ್ಕ ಕಡಿದಿರಲಿಲ್ಲ, ನಿಜ. ಆದರೆ ಗುರು ಹೋದಮೇಲೂ ಅವರ ಹೆಸರಿಗೆ ಬರೆಯಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನಾವೇನು ಮಹಾಕಾವ್ಯ ಬರೆಯಬೇಕಿಲ್ಲವಲ್ಲ. ಅದೇ ಕಾಗದವನ್ನು ಅಮ್ಮನವರ ಹೆಸರಿಗೆ ಬರೆ. ಮಂಡಿಯಲ್ಲಿ ಗಂಡ ಹೇಗಿದ್ದರು ಎಂಬುದು ಮನೆಯವರಿಗೆ ಗೊತ್ತಿರುವುದು ಕಡಿಮೆ. ಅವರ ಪಾಲಿಗೆ ಅದು ಹೊಸ ಸುದ್ದಿ.

ಒಂದನ್ನು ಮಾತ್ರ ಮಾಡಬೇಡ, ಲಕೋಟೆಯಲ್ಲಿ ದುಡ್ಡು ಇಡಬೇಡ. ಕಷ್ಟದಲ್ಲಿದ್ದಾರೆ ಎಂದು ತಿಳಿದರೆ ಅದಕ್ಕೆ ಬೇರೆ ದಾರಿ ನೋಡೋಣ, ಬೇರೆ ದಿನ. ಕಾಗದದ ಜೊತೆ ಹೋದ ಹಣ ಕೂಲಿ ಚುಕ್ತಾ ಮಾಡಿದ ಹಾಗೆ ಕಾಣುತ್ತದೆ. "ಮುಂದಿನ ಸಲ ಊರಿಗೆ ಬಂದಾಗ ಖಂಡಿತ ಬರುತ್ತೇನೆ" ಎಂದೂ ಬರೆಯಬೇಡ. ಅವರು ದಿನ ಎಣಿಸುತ್ತಾರೆ, ನಿನಗೆ ರಜೆ ಸಿಗುವುದಿಲ್ಲ. ದೀಪಾವಳಿಗೆ ಬಂದರೆ ಹಿಂದಿನ ದಿನ ಸೊಸೆಗೆ ಫೋನ್ ಮಾಡಿ, ಒಂದು ಡಜನ್ ಬಾಳೆಹಣ್ಣು ಹಿಡಿದು, ಬೆಳಗ್ಗೆ ಹತ್ತರ ನಂತರ ಹೋಗು. ಮಧ್ಯಾಹ್ನ ಬೇಡ, ಊಟ ಮಾಡಿ ಮಲಗುವ ಹೊತ್ತು. ಮಗುವನ್ನೂ ಕರೆದುಕೊಂಡು ಹೋಗು, ಅದು ಕಿರಿಕಿರಿ ಮಾಡಿದರೆ ಬೇಗ ಹೊರಡಲೂ ಒಂದು ನೆಪವಾಗುತ್ತದೆ.