ಗಂಟಿನ ಮೇಲೆ ಸೂಜಿ ಬೇಡ

ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಅನೇಕರು ನೋವಾಗದ ಜಾಗಕ್ಕೇ ಮತ್ತೆ ಮತ್ತೆ ಚುಚ್ಚಿಕೊಳ್ಳುತ್ತಾರೆ. ಅಲ್ಲಿ ಚರ್ಮದಡಿ ಕೊಬ್ಬು ಗಂಟುಕಟ್ಟಿರಬಹುದು. ಗಂಟಿನಿಂದ ಇನ್ಸುಲಿನ್ ಒಂದು ದಿನ ನಿಧಾನವಾಗಿ, ಇನ್ನೊಂದು ದಿನ ಬೇಗ ರಕ್ತ ಸೇರುತ್ತದೆ. ಊಟ ಅದೇ ಇದ್ದರೂ ಶುಗರ್ ಏರುಪೇರಾಗುತ್ತದೆ.

ಹೊಕ್ಕುಳಿನ ಸುತ್ತ ಎರಡು ಬೆರಳಗಲ ಬಿಟ್ಟು, ಹೊಟ್ಟೆಯನ್ನು ನಾಲ್ಕು ಭಾಗ ಮಾಡಿಕೊಳ್ಳಿ. ವಾರಕ್ಕೊಂದು ಭಾಗ, ಅದರೊಳಗೂ ಪ್ರತಿ ಸಲ ಒಂದು ಬೆರಳಗಲ ಸರಿದು, ಹೊಸ ಸೂಜಿಯಿಂದ ಚುಚ್ಚಿ. ಸ್ನಾನದ ವೇಳೆ ಸೋಪು ಹಚ್ಚಿದ ಬೆರಳುಗಳಿಂದ ಹೊಟ್ಟೆ ಸವರಿ ನೋಡಿ. ರಬ್ಬರಿನಂಥ ಉಬ್ಬು ಸಿಕ್ಕರೆ ಆ ಜಾಗಕ್ಕೆ ಕೆಲವು ತಿಂಗಳು ಬಿಡುವು ಕೊಡಿ.

ಒಂದು ಎಚ್ಚರ: ಗಂಟು ಬಿಟ್ಟು ಒಳ್ಳೆಯ ಜಾಗಕ್ಕೆ ಚುಚ್ಚಿದಾಗ ಅದೇ ಡೋಸಿಗೆ ಶುಗರ್ ತೀರಾ ಇಳಿಯಬಹುದು. ಡೋಸ್ ತಗ್ಗಿಸಬೇಕೇ ಎಂದು ಮೊದಲೇ ವೈದ್ಯರನ್ನು ಕೇಳಿ.