ಮುಯ್ಯಿ ಎಂಬುದು ಸಾಲವೇ?



ಮಂಡೆಕೋಲು ಕಡೆಯ ಒಂದು ಮನೆಯ ಒಕ್ಕಲಿಗೆ ಆಶೀರ್ವಾದ ಮಾಡಲು ಹೋಗಿದ್ದೆ. ನೆರೆಮನೆಯ ಹಿರಿಯರೊಬ್ಬರು ಮಾತ್ರ ಬಂದಿರಲಿಲ್ಲ. ಮರುದಿನ ವಿಚಾರಿಸಿದಾಗ, "ಕವರಿಗೆ ಹಾಕಲು ಏನೂ ಇರಲಿಲ್ಲ ಫಾದರ್, ಬರಿಗೈಯಲ್ಲಿ ಹೇಗೆ ಬರುವುದು?" ಎಂದರು. ಆ ಮನೆಯ ಕಲ್ಲು, ಮಣ್ಣು ಹೊರಲು ಕೈಜೋಡಿಸಿದ್ದವರೇ ಅವರು! ಕೊಡುವ ಪದ್ಧತಿಯೇ ಮನುಷ್ಯನನ್ನು ಹಬ್ಬದಿಂದ ಹೊರಗಿಟ್ಟರೆ ಎಲ್ಲೋ ತಪ್ಪಾಗಿದೆ ಎಂದೇ ಅರ್ಥ.

ನಮ್ಮ ಹಳಬರು ಗದ್ದೆ ಕೆಲಸಕ್ಕೆ ಮುಯ್ಯಾಳು ಕರೆಯುತ್ತಿದ್ದರು. ಇಂದು ನೀವು ನನ್ನ ಗದ್ದೆಗೆ, ನಾಳೆ ನಾನು ನಿಮ್ಮ ಗದ್ದೆಗೆ. ಮದುವೆಯ ಮುಯ್ಯಿಯೂ ಇದೇ ಸಂಬಂಧದ ಮಾತು. ಆದರೆ ಆಳಿನ ಒಂದು ದಿನ ಎಂದಿಗೂ ಒಂದೇ ದಿನ. ಹಣವೂ ಚಿನ್ನವೂ ಹಾಗಲ್ಲ. 2014ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ಸುಮಾರು 28 ಸಾವಿರ ರೂಪಾಯಿ ಇತ್ತು. 2025ರಲ್ಲಿ ಅದು ಲಕ್ಷ ದಾಟಿತು. ಅಂದು ನಿಮ್ಮ ಮಗಳಿಗೆ ಒಂದು ಪವನ್ ಕೊಟ್ಟ ಅಣ್ಣನಿಗೆ ಆದ ಖರ್ಚು 22-23 ಸಾವಿರ. ಅವನ ಮಗಳಿಗೆ ಈಗ ನೀವೂ ಒಂದು ಪವನ್ ಕೊಡಹೊರಟರೆ 80 ಸಾವಿರಕ್ಕೂ ಹೆಚ್ಚು ಬೇಕು. ಇದ್ದ ಒಡವೆ ಅಡವಿಟ್ಟು ಮುಯ್ಯಿ ತೀರಿಸುವವರನ್ನು ನಾನು ಕಂಡಿದ್ದೇನೆ. ನೂರಕ್ಕೆ ಹನ್ನೆರಡರ ಬಡ್ಡಿಯಲ್ಲಿ 30 ಸಾವಿರ ತಂದರೆ ವರ್ಷಕ್ಕೆ 3,600 ರೂಪಾಯಿ ಬಡ್ಡಿಗೇ ಹೋಯಿತು. ಅಣ್ಣನಿಗೂ ಸಿಗಲಿಲ್ಲ, ನಿಮಗೂ ಉಳಿಯಲಿಲ್ಲ.

ಇಂಥಲ್ಲಿ ಮದುವೆಗೆ ಎರಡು ಮೂರು ತಿಂಗಳು ಮೊದಲೇ ಅಣ್ಣನ ಮನೆಗೆ ಹೋಗಿ, "ಪವನ್ ನಮ್ಮಿಂದಾಗದು, ಇಷ್ಟು ಕೊಡುತ್ತೇವೆ, ಹಿಂದಿನ ದಿನದಿಂದಲೇ ಬಂದು ಕೆಲಸಕ್ಕೆ ನಿಲ್ಲುತ್ತೇವೆ" ಎಂದು ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಮೊದಲೇ ಹೇಳಿದ ಮಾತು ನೋಯಿಸುವುದು ಕಡಿಮೆ. ಆ ದಿನ ತೋರುವ ಕೊರತೆ ನೋಯಿಸುತ್ತದೆ.

ಇನ್ನು ವರ್ಷದ ಲೆಕ್ಕ. ತಪಸ್ಸುಕಾಲದಲ್ಲಿ ನಮ್ಮಲ್ಲಿ ಮದುವೆಗಳಿಲ್ಲ; ಆದ್ದರಿಂದ ಪಾಸ್ಖ ಹಬ್ಬ ಕಳೆದ ಕೂಡಲೇ ಆಮಂತ್ರಣಗಳು ರಾಶಿ ಬೀಳುತ್ತವೆ. ಅದರ ಬೆನ್ನಿಗೇ ಶಾಲೆಯ ಫೀಸು, ತೋಟಕ್ಕೆ ಮದ್ದು ಬಿಡುವ ಖರ್ಚು. ಆಗ ಹಣ ಹುಡುಕಿದರೆ ಸಾಲವೇ ಗತಿ. ಆದ್ದರಿಂದ ಅಡಿಕೆ ಮಾರಿದ ದಿನವೇ ಈ ಪಾಲನ್ನು ಬೇರೆ ಇಡಬೇಕು.

ಎಷ್ಟು ಇಡಬೇಕು? ಕಳೆದ ವರ್ಷ ಹೋದ ಮನೆಗಳನ್ನು ನೆನಪಿಸಿ ಬರೆಯಿರಿ. ಒಂದು ಕುಟುಂಬದ ಉದಾಹರಣೆ ತೆಗೆದುಕೊಳ್ಳೋಣ. ಒಡಹುಟ್ಟಿದವರ ಮನೆಯ ಎರಡು ಮದುವೆ, ತಲಾ 5,000. ಹತ್ತಿರದ ನೆಂಟರು, ನೆರೆಯವರು ಆರು ಮನೆ, ತಲಾ 1,000. ಪರಿಚಯದವರು ಹದಿನಾರು ಮನೆ, ತಲಾ 200. ಕ್ರಿಸ್ಮಸ್, ಮೊಂತಿ ಹಬ್ಬ, ಚರ್ಚಿನ ವಾರ್ಷಿಕ ಹಬ್ಬ ಸೇರಿ 4,800. ಒಟ್ಟು 24,000 ರೂಪಾಯಿ. ಮನೆಖರ್ಚು, ಔಷಧಿ, ಫೀಸು, ಸೊಸೈಟಿಯ ಕಂತು ಕಳೆದು ಇದಕ್ಕೆ ಉಳಿಯುವುದು 18,000 ಮಾತ್ರ ಎಂದಿಟ್ಟುಕೊಳ್ಳಿ. ಆರು ಸಾವಿರ ಕಡಿಮೆ. ಇನ್ನೂರರ ಕವರಿನಲ್ಲಿ ಕಡಿತ ಮಾಡಿ ಹೆಚ್ಚು ಉಳಿಯದು. ಐದು ಸಾವಿರವನ್ನು ಮೂರೂವರೆ ಸಾವಿರಕ್ಕೆ ಇಳಿಸಿದರೆ ಮೂರು ಸಾವಿರ, ಸಾವಿರವನ್ನು ಐನೂರಕ್ಕೆ ಇಳಿಸಿದರೆ ಇನ್ನೊಂದು ಮೂರು ಸಾವಿರ ಸಿಕ್ಕಿತು. ಕಡಿಮೆ ಮಾಡುವುದು ನಿಮ್ಮನ್ನು ಚೆನ್ನಾಗಿ ಬಲ್ಲವರಲ್ಲೇ, ಏಕೆಂದರೆ ಅವರೇ ನಿಮ್ಮ ಪರಿಸ್ಥಿತಿಯನ್ನು ಅರಿಯಬಲ್ಲರು. ಈ ಲೆಕ್ಕವನ್ನು ಗಂಡ ಹೆಂಡತಿ ಒಟ್ಟಿಗೆ ಕುಳಿತು ಮಾಡಿರಿ. ಒಬ್ಬರಿಗೊಬ್ಬರು ಮೊತ್ತ ಮುಚ್ಚಿಡಲು ತೊಡಗಿದರೆ, ಪಾಲು ಮೀರಿದೆ ಎಂಬುದಕ್ಕೆ ಅದೇ ಗುರುತು.

"ಹೀಗೆ ಲೆಕ್ಕ ಹಾಕುವುದು ಜಿಪುಣತನವಲ್ಲವೇ?" ಎಂದು ಕೇಳುತ್ತೀರಿ. ಔದಾರ್ಯವನ್ನು ಕೊಟ್ಟ ಮೊತ್ತದಿಂದಲ್ಲ, ಕೊಡುವವನ ಶಕ್ತಿ ಮತ್ತು ಮನಸ್ಸಿನಿಂದ ಅಳೆಯಬೇಕೆಂದು ಅರಿಸ್ಟಾಟಲ್ ಹೇಳಿದ್ದನ್ನು ಸಂತ ಥಾಮಸ್ ಅಕ್ವಿನಾಸರೂ ಒಪ್ಪಿದರು. ಕೊರಿಂಥಿಯರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ ಸಂತ ಪೌಲರು, ಇರುವುದಕ್ಕೆ ತಕ್ಕಂತೆ ಕೊಟ್ಟದ್ದೇ ಮೆಚ್ಚುಗೆಯಾಗುವುದು, ಇಲ್ಲದ್ದನ್ನು ಯಾರೂ ಕೇಳುವುದಿಲ್ಲ ಎಂದು ಬೋಧಿಸುತ್ತಾರೆ. ಹಾಗಿದ್ದ ಮೇಲೆ ಕಡಿಮೆ ಕೊಟ್ಟದ್ದು ಪಾಪನಿವೇದನೆಯಲ್ಲಿ ಹೇಳುವ ವಿಷಯವೇ ಅಲ್ಲ. ಕೊಡಬಲ್ಲವರು ಕೈ ಹಿಂದೆಳೆದರೆ, ಅದು ಬೇರೆ ಮಾತು.

ಕರೆಯುವವರಿಗೂ ಒಂದು ಮಾತು. ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ, ತಿರುಗಿ ಕೊಡಲಾಗದವರನ್ನು ಔತಣಕ್ಕೆ ಕರೆಯಿರಿ ಎಂದು ಪ್ರಭು ಹೇಳುತ್ತಾರೆ. ಮುಯ್ಯಿ ಬರೆದಿಟ್ಟ ಪುಸ್ತಕ ಕೃತಜ್ಞತೆಗಾಗಿ ಇರಲಿ, ವಸೂಲಿಗಲ್ಲ. ಆಮಂತ್ರಣ ಪತ್ರದಲ್ಲಿ "ಆಶೀರ್ವಾದವೇ ಉಡುಗೊರೆ" ಎಂದು ಅಚ್ಚು ಹಾಕಿದ ಮೇಲೆ ಬಾಗಿಲಲ್ಲಿ ಕವರಿನ ಪೆಟ್ಟಿಗೆ ಇಡಬೇಡಿ. ಮುಂದಿನ ಸಲ ಕೈ ಬರಿದಾಗಿದ್ದಾರೆಂದು ತಿಳಿದ ನೆರೆಯವರ ಮನೆಗೆ ಹಿಂದಿನ ದಿನವೇ ಹೋಗಿ, "ನಾಳೆ ತರಕಾರಿ ಹೆಚ್ಚಲು ನೀವಿಲ್ಲದೆ ಆಗದು" ಎಂದು ಕರೆಯಿರಿ. ಅವರು ಬರುತ್ತಾರೆ.