ಮಾರ್ಚ್ ಲಾಟ್ ಈಗ ಬೇಡ: ಪೂರೈಕೆದಾರರಿಗೆ ಡೆಲಿವರಿ ದಿನಾಂಕ ಬದಲಿಸಲು ಕೇಳುವುದು ಹೇಗೆ?

ವ್ಯವಹಾರ ಪತ್ರಗಳಲ್ಲಿ ಮಾಲು ತಡವಾಗಿ ಬಂತು, ಒಡೆದು ಬಂತು ಎಂದು ದೂರು ಬರೆಯುವುದು ಎಲ್ಲರಿಗೂ ಗೊತ್ತು. ಈ ಲೇಖನದ ಪತ್ರ ಅದರ ಉಲ್ಟಾ. ಪೂರೈಕೆದಾರ ಮಾತಿಗೆ ತಪ್ಪಿಲ್ಲ, ಹೇಳಿದ ದಿನವೇ ಮಾಲು ಕಳಿಸಲು ತಯಾರಿದ್ದಾನೆ. ಬದಲಾಗಿರುವುದು ನಮ್ಮ ಉತ್ಪಾದನೆಯ ಯೋಜನೆ. ಆದ್ದರಿಂದ ಇದು ದೂರೂ ಅಲ್ಲ, ಆಜ್ಞೆಯೂ ಅಲ್ಲ, ವಿನಂತಿ. ಆದರೆ ಬರೀ "ದಯವಿಟ್ಟು" ಎಂದರೆ ಸಾಲದು, ಪತ್ರ ಬರೆಯುವ ಮೊದಲು ಲೆಕ್ಕ ಮಾಡಬೇಕು.

ನಮ್ಮ ಕಡೆಯದೇ ಉದಾಹರಣೆ ತೆಗೆದುಕೊಳ್ಳೋಣ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಆಗುತ್ತದೆ, ಬೇಳೆ ಮಿಲ್ಲುಗಳಿಗೆ ಕೆಲಸ ಹೆಚ್ಚುತ್ತದೆ. ಸೇಡಂನಲ್ಲಿ ಒಂದು ಮಿಲ್ ಇದೆ ಎಂದುಕೊಳ್ಳಿ. ದಿನಕ್ಕೆ 9 ಟನ್ ಬೇಳೆ ತಯಾರಾಗುತ್ತದೆ. 30 ಕಿಲೋ ಚೀಲದಲ್ಲಿ ತುಂಬಿದರೆ ದಿನಕ್ಕೆ 300 ಚೀಲ, ತಿಂಗಳಿಗೆ 25 ದಿನದಂತೆ 7,500 ಚೀಲ ಬೇಕು. ಮಿಲ್ಲಿನ ಹೆಸರು ಮುದ್ರಿಸಿದ ಪ್ಲಾಸ್ಟಿಕ್ ನೇಯ್ಗೆಯ ಚೀಲಗಳಿಗೆ ಕಲಬುರಗಿಯ ಒಬ್ಬ ಪೂರೈಕೆದಾರನಿಗೆ ಆರ್ಡರ್ ಕೊಡಲಾಗಿದೆ: ಒಟ್ಟು 30,000 ಚೀಲ, ಜನವರಿಯಿಂದ ಏಪ್ರಿಲ್‌ವರೆಗೆ ಪ್ರತಿ ತಿಂಗಳ 5ರಂದು 7,500. ಗೋದಾಮಿನಲ್ಲಿ ಮೊದಲೇ 1,500 ಚೀಲ ಇವೆ, ಅಂದರೆ ಐದು ದಿನದ ಮೀಸಲು.

ಜನವರಿ 20ಕ್ಕೆ ಒಬ್ಬ ದೊಡ್ಡ ಗಿರಾಕಿ ತನ್ನ ಖರೀದಿಯನ್ನು ಮುಂದಕ್ಕೆ ಹಾಕುತ್ತಾನೆ. ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಮಿಲ್ ಅರ್ಧವೇ ನಡೆಯಬೇಕು, ತಿಂಗಳಿಗೆ 3,750 ಚೀಲ ಸಾಕು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮತ್ತೆ 7,500.

ಹಳೆಯ ದಿನಾಂಕಗಳನ್ನೇ ಬಿಟ್ಟರೆ ಏನಾಗುತ್ತದೆ ನೋಡಿ. ಜನವರಿ ಕೊನೆಗೆ 1,500 ಚೀಲ ಉಳಿದಿರುತ್ತವೆ. ಫೆಬ್ರವರಿಯಲ್ಲಿ 7,500 ಬಂದು 3,750 ಖರ್ಚಾದರೆ 5,250 ಉಳಿಯುತ್ತವೆ. ಮಾರ್ಚ್ ಕೊನೆಗೆ ಅದು 9,000 ಆಗುತ್ತದೆ. ಐದು ದಿನದ ಮೀಸಲು ಬಿಟ್ಟರೆ 7,500 ಚೀಲ ಹೆಚ್ಚು. ಚೀಲಕ್ಕೆ 12 ರೂಪಾಯಿ ಎಂದು ಹಿಡಿದರೂ 90,000 ರೂಪಾಯಿ ಗೋದಾಮಿನಲ್ಲಿ ಸುಮ್ಮನೆ ಕೂತಿರುತ್ತದೆ. ಅದೇ ಹಣ ತೊಗರಿ ಕೊಳ್ಳಲು ಬೇಕಾಗಿತ್ತು.

ಈಗ ಯಾರಿಗಾದರೂ ಮೊದಲು ಹೊಳೆಯುವ ಉಪಾಯ, "ಫೆಬ್ರವರಿ ಮತ್ತು ಮಾರ್ಚ್ ಲಾಟನ್ನು ಅರ್ಧ ಮಾಡಿ." ನಮ್ಮ ಕಡೆಯಿಂದ ನೋಡಿದರೆ ಸರಿ. ಪೂರೈಕೆದಾರನ ಕಡೆಯಿಂದ ನೋಡಬೇಕು. ಫೆಬ್ರವರಿ 5ಕ್ಕೆ ಹದಿನೈದೇ ದಿನ ಇದೆ, ಆ ಚೀಲಗಳ ಮೇಲೆ ನಮ್ಮ ಹೆಸರು ಬಹುಶಃ ಮುದ್ರಣವಾಗಿರುತ್ತದೆ. ಹೆಸರು ಬಿದ್ದ ಚೀಲವನ್ನು ಬೇರೆ ಯಾವ ಮಿಲ್ಲಿಗೂ ಮಾರಲು ಆಗದು. ಮುದ್ರಣ ಆಗದ ಬಟ್ಟೆಯ ರೋಲ್ ಆದರೆ ಯಾರಿಗೂ ಬಳಸಬಹುದು. ಎರಡನೆಯದಾಗಿ, ಅರ್ಧ ಲಾಟ್ ಎಂದರೆ ಎರಡು ಸಲ ಅರ್ಧ ಗಾಡಿಯ ಬಾಡಿಗೆ. ಹಾಗಾಗಿ ಪತ್ರಕ್ಕಿಂತ ಮುಂಚೆ ಒಂದು ಫೋನ್ ಮಾಡಿ ಇಷ್ಟನ್ನೇ ಕೇಳಬೇಕು: "ಫೆಬ್ರವರಿ ಮಾಲು ಪ್ರಿಂಟ್ ಆಗ್ಯಾದೇನ್ರಿ? ಮಾರ್ಚಿಂದು ಎಲ್ಲಿಗೆ ಬಂದದ?"

ಫೆಬ್ರವರಿ ಲಾಟ್ ಮುದ್ರಣವಾಗಿದೆ, ಮಾರ್ಚ್ ಲಾಟ್ ಇನ್ನೂ ಶುರುವಾಗಿಲ್ಲ ಎಂದು ಉತ್ತರ ಬಂತು ಎಂದುಕೊಳ್ಳಿ. ಆಗ ಫೆಬ್ರವರಿಯ 7,500 ಪೂರ್ತಿ ತೆಗೆದುಕೊಂಡು, ಮಾರ್ಚ್‌ನಲ್ಲಿ ಏನೂ ತರಿಸದಿದ್ದರೆ? ಫೆಬ್ರವರಿ ಕೊನೆಗೆ 5,250, ಅದರಲ್ಲಿ ಮಾರ್ಚ್‌ಗೆ 3,750 ಹೋದರೆ ಉಳಿದದ್ದು ಸರಿಯಾಗಿ 1,500. ನಮಗೆ ಬೇಕಾದ ಮೀಸಲು ಅಷ್ಟೇ. ಮಾರ್ಚ್ ಲಾಟ್ ಏಪ್ರಿಲ್‌ಗೆ, ಏಪ್ರಿಲ್ ಲಾಟ್ ಮೇ ತಿಂಗಳಿಗೆ ಸರಿಯುತ್ತದೆ. ಒಟ್ಟು ಆರ್ಡರ್ 30,000 ಹಾಗೇ ಉಳಿಯುತ್ತದೆ, ಯಾವ ಲಾಟೂ ಒಡೆಯುವುದಿಲ್ಲ. ನನಗೆ ಈ ಲೆಕ್ಕದಲ್ಲಿ ಇಷ್ಟವಾದದ್ದು ಇದೇ: ನಮ್ಮ ತೊಂದರೆ ಹೋಗಲು ಅವರು ಒಂದೇ ಒಂದು ದಿನಾಂಕ ಬಿಟ್ಟರೆ ಸಾಕು.

ಆದರೂ ಒಂದು ಸಂಧಿ ಉಳಿದಿದೆ. ಏಪ್ರಿಲ್ 1ರಿಂದ ಮಿಲ್ ಪೂರ್ತಿ ನಡೆದರೆ ದಿನಕ್ಕೆ 300 ಚೀಲ ಬೇಕು, 5ರ ಬೆಳಿಗ್ಗೆ ಉಳಿಯುವುದು 300 ಮಾತ್ರ. ಗಾಡಿ ಎರಡು ದಿನ ತಡವಾದರೆ ತುಂಬುವ ಕೆಲಸ ನಿಲ್ಲುತ್ತದೆ. ಆದ್ದರಿಂದ ಆ ಲಾಟನ್ನು ಏಪ್ರಿಲ್ 2ಕ್ಕೇ ಕೇಳುವುದು ಒಳ್ಳೆಯದು. ದರದ ಮಾತೂ ಇದೆ. ಹಳೆಯ ಆರ್ಡರ್ ಏಪ್ರಿಲ್‌ಗೆ ಮುಗಿಯಬೇಕಿತ್ತು. ಪ್ಲಾಸ್ಟಿಕ್ ದಾಣಿಯ ಬೆಲೆ ಏರಿದರೆ ಮೇ ಲಾಟಿಗೆ ಹೊಸ ದರ ಹಾಕಬಹುದು. ಅದನ್ನು ಈಗಲೇ ಕೇಳದಿದ್ದರೆ ಜಗಳ ಬಿಲ್ಲಿನ ದಿನ ಆಗುತ್ತದೆ.

ಪತ್ರ ಹೀಗಿರಬಹುದು:

"ಮಾನ್ಯರೇ, ನಮ್ಮ 30,000 ಚೀಲಗಳ ಆರ್ಡರ್ ಕುರಿತು. ಜನವರಿ ಲಾಟ್ ಸರಿಯಾದ ದಿನ ತಲುಪಿದೆ. ಒಬ್ಬ ಗ್ರಾಹಕರ ಖರೀದಿ ಮುಂದೆ ಹೋದ ಕಾರಣ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ನಮ್ಮ ಉತ್ಪಾದನೆ ಅರ್ಧಕ್ಕೆ ಇಳಿಯುತ್ತಿದೆ. ಮುದ್ರಣವಾಗಿರುವ ಫೆಬ್ರವರಿ 5ರ 7,500 ಚೀಲಗಳನ್ನು ಪೂರ್ತಿ ತೆಗೆದುಕೊಳ್ಳುತ್ತೇವೆ. ಮಾರ್ಚ್ 5ರ ಲಾಟನ್ನು ಏಪ್ರಿಲ್ 2ಕ್ಕೆ, ಏಪ್ರಿಲ್ 5ರ ಲಾಟನ್ನು ಮೇ 2ಕ್ಕೆ ಕಳಿಸಲು ವಿನಂತಿ. ಒಟ್ಟು ಸಂಖ್ಯೆಯಲ್ಲಿ ಬದಲಾವಣೆ ಇಲ್ಲ. ಮೇ ಲಾಟಿಗೂ ಈಗಿನ ದರವೇ ಇರಲಿ ಎಂದು ಕೋರುತ್ತೇವೆ. ಈ ಬದಲಾವಣೆಯಿಂದ ನಿಮಗೆ ಖರ್ಚು ಬರುವುದಾದರೆ ತಿಳಿಸಿ. ತಮ್ಮ ಲಿಖಿತ ಒಪ್ಪಿಗೆಯನ್ನು ಜನವರಿ 27ರೊಳಗೆ ಕಳಿಸಿದರೆ ಉಪಕಾರ."

ಕಾರಣಕ್ಕೆ ಒಂದೇ ವಾಕ್ಯ ಸಾಕು, ಮಿಲ್ಲಿನ ಕಷ್ಟದ ಕಥೆಯೆಲ್ಲ ಬೇಡ. ತೂಕ ಇರುವುದು "ಪೂರ್ತಿ ತೆಗೆದುಕೊಳ್ಳುತ್ತೇವೆ" ಎಂಬ ಮಾತಿಗೆ.

ಒಪ್ಪಿಗೆ ಬರುವ ತನಕ ಹಳೆಯ ದಿನಾಂಕಗಳೇ ಜಾರಿಯಲ್ಲಿರುತ್ತವೆ. 1872ರ ಭಾರತೀಯ ಕರಾರು ಕಾಯ್ದೆಯ 62ನೇ ಕಲಂ ಪ್ರಕಾರ ಇಬ್ಬರೂ ಒಪ್ಪಿ ಕರಾರನ್ನು ಬದಲಿಸಿದಾಗ ಮಾತ್ರ ಹಳೆಯದನ್ನು ನೆರವೇರಿಸಬೇಕಿಲ್ಲ. ಒಬ್ಬರೇ ಪತ್ರ ಬರೆದರೆ ಕರಾರು ಬದಲಾಗದು. 1930ರ ಸರಕು ಮಾರಾಟ ಕಾಯ್ದೆಯ 44ನೇ ಕಲಂ ಇನ್ನೂ ನೇರವಾಗಿದೆ: ಮಾರುವವನು ಮಾಲು ಕೊಡಲು ತಯಾರಿದ್ದು, ತೆಗೆದುಕೊಳ್ಳಿ ಎಂದು ಕೇಳಿದ ಮೇಲೂ ಕೊಳ್ಳುವವನು ಸೂಕ್ತ ಸಮಯದೊಳಗೆ ತೆಗೆದುಕೊಳ್ಳದಿದ್ದರೆ, ಅದರಿಂದಾದ ನಷ್ಟವನ್ನೂ ಮಾಲು ಕಾಯ್ದಿಟ್ಟ ಖರ್ಚನ್ನೂ ಕೊಡಬೇಕಾಗುತ್ತದೆ.

ನಮ್ಮ ಬಜಾರಿನಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ "ಆಯ್ತು, ನೋಡೋಣ್ರಿ." ಇದು ಒಪ್ಪಿಗೆ ಅಲ್ಲ. ಉತ್ತರದಲ್ಲಿ ಏಪ್ರಿಲ್ 2, ಮೇ 2 ಎಂಬ ದಿನಾಂಕಗಳು ಇವೆಯೋ ಇಲ್ಲವೋ ನೋಡಿ. ವಾಟ್ಸಾಪ್‌ನಲ್ಲಿ ಬಂದರೂ ಪರವಾಗಿಲ್ಲ, ದಿನಾಂಕ ಇರಬೇಕು. ಇಲ್ಲದಿದ್ದರೆ ಮಾರ್ಚ್ ಲಾಟಿನ ಮುದ್ರಣ ಶುರುವಾಗುವ ಮೊದಲು ಮತ್ತೆ ಕೇಳಬೇಕು, ಶುರುವಾದ ಮೇಲೆ ಕೇಳಿ ಉಪಯೋಗ ಕಡಿಮೆ. ಮಾರ್ಚ್ ಬಟ್ಟೆ ಆಗಲೇ ನೇಯ್ದಾಗಿದೆ ಎಂದು ಅವರು ಹೇಳಿದರೆ, ಮುದ್ರಣ ಮಾತ್ರ ತಡೆದು ಸ್ವಲ್ಪ ಮುಂಗಡ ಕೊಡುತ್ತೇವೆ ಎನ್ನಬಹುದು.

ಎಲ್ಲ ಮಾಲಿಗೂ ಇದೇ ಲೆಕ್ಕ ನಡೆಯುವುದಿಲ್ಲ. ಶಹಾಬಾದ್ ಕಲ್ಲಿನ ಪಾಲಿಶ್ ಘಟಕ ಗಣಿಯಿಂದ ತರಿಸುವ ಹಾಸುಗಲ್ಲಿನ ಮೇಲೆ ಯಾರ ಹೆಸರೂ ಇರುವುದಿಲ್ಲ. ಸಾಮಾನ್ಯ ಅಳತೆಯದಾದರೆ ನಾವು ಬೇಡ ಎಂದದ್ದನ್ನು ಗಣಿಯವರು ಇನ್ನೊಬ್ಬರಿಗೆ ಮಾರಬಹುದು, ಹಾಗಾಗಿ ಮುಂದೂಡಲು ಬೇಗ ಒಪ್ಪುತ್ತಾರೆ. ಆದರೆ ಮೇ ತಿಂಗಳ ಕಲ್ಲನ್ನು ಜುಲೈಗೆ ಕೇಳಿದರೆ ಕಷ್ಟ. ಮಳೆಗಾಲದಲ್ಲಿ ಗಣಿಯ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಕಲ್ಲು ತೆಗೆಯುವುದೇ ಕಡಿಮೆಯಾಗುತ್ತದೆ. ಅಲ್ಲಿ ಮುದ್ರಣದ ಬದಲು ಮಳೆಯ ಬಗ್ಗೆ ಕೇಳಬೇಕು.

ನಮ್ಮ ಮಿಲ್ಲಿಗೆ ಒಪ್ಪಿಗೆ ಬಂತು ಎಂದರೂ ಒಂದು ಕೆಲಸ ಬಾಕಿ. ಹೊಸ ದಿನಾಂಕದ ಚೀಟಿ ಗೋದಾಮಿನ ಬಾಗಿಲಲ್ಲಿ ಚಲನ್‌ಗೆ ಸಹಿ ಹಾಕುವವರ ಕೈಗೆ ಹೋಗಬೇಕು. ಹೋಗದಿದ್ದರೆ ಮಾರ್ಚ್ 5ಕ್ಕೆ ಅಪ್ಪಿತಪ್ಪಿ ಗಾಡಿ ಬಂದಾಗ ಅವರು ಎಂದಿನಂತೆ ಸಹಿ ಹಾಕಿ 7,500 ಚೀಲ ಇಳಿಸಿಕೊಳ್ಳುತ್ತಾರೆ.